ಮದುವೆಯಾದ ಮೇಲೆ ಹೆಲ್ತ್ ಪಾಲಿಸಿಗೆ ಹೆಂಡತಿಯನ್ನು ಸೇರಿಸುವುದು ಹೇಗೆ, ವೇಟಿಂಗ್ ಪೀರಿಯಡ್ ಯಾವತ್ತಿನಿಂದ ಶುರು?

ನನ್ನ ತಮ್ಮನ ಮದುವೆ 2025ರ ಏಪ್ರಿಲ್ 30ರಂದು, ಅಕ್ಷಯ ತೃತೀಯದ ದಿನ ಆಯಿತು. ಬೀಗರೂಟ ಎಲ್ಲ ಮುಗಿದು ವಾರ ಕಳೆದ ಮೇಲೆ ವಿಜಯನಗರದ ನಮ್ಮ ಮನೆಗೆ ಬಂದ. ಕಾಫಿ ಕುಡಿಯುತ್ತಾ ಕೇಳಿದ: "ಅಕ್ಕ, ನನ್ನ ಹೆಲ್ತ್ ಪಾಲಿಸಿಗೆ ನಾಲ್ಕು ವರ್ಷ ಆಗ್ತಾ ಬಂತು. ಇವಳ ಹೆಸರು ಸೇರಿಸಿದ್ರೆ ಇವಳಿಗೂ ಈಗಿಂದಲೇ ಎಲ್ಲ ಸಿಗತ್ತೆ ಅಲ್ವಾ?"

ಸಿಗುವುದಿಲ್ಲ. ಪಾಲಿಸಿ ಎಷ್ಟೇ ಹಳೆಯದಿರಲಿ, ಹೊಸದಾಗಿ ಸೇರಿದವರ ವೇಟಿಂಗ್ ಪೀರಿಯಡ್, ಅಂದರೆ ಕ್ಲೇಮ್ ಸಿಗದೆ ಕಾಯಬೇಕಾದ ಅವಧಿ, ಅವರು ಸೇರಿದ ದಿನದಿಂದಲೇ ಲೆಕ್ಕ. ಗಂಡ ನಾಲ್ಕು ವರ್ಷ ಕಾದಿದ್ದು ಗಂಡನಿಗೆ ಮಾತ್ರ. ಹಾಗಾಗಿ ಹೆಂಡತಿಯ ಹೆಸರನ್ನು ಯಾವ ತಾರೀಖಿಗೆ ಸೇರಿಸುತ್ತೀರಿ ಅನ್ನುವುದು ಮುಖ್ಯ. ಆ ಒಂದು ತಾರೀಖಿನ ಮೇಲೆ ಮುಂದಿನ ಮೂರು ವರ್ಷದ ಕ್ಲೇಮುಗಳು ನಿಂತಿರುತ್ತವೆ.

ತಮ್ಮನ ಪಾಲಿಸಿಯ ಕೆಲಸವನ್ನೆಲ್ಲ ನಾನೇ ಮಾಡಿದ್ದರಿಂದ, ಅವನದನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಹೇಳುತ್ತೇನೆ. ಗಂಡನನ್ನು ಹೆಂಡತಿಯ ಪಾಲಿಸಿಗೆ ಸೇರಿಸುವವರಿಗೂ ಇದೇ ಕ್ರಮ.

ಮೊದಲು ಆಫೀಸಿನ ಪಾಲಿಸಿ

ತಮ್ಮ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿದ್ದಾನೆ. ಅಲ್ಲಿ ಗ್ರೂಪ್ ಮೆಡಿಕ್ಲೇಮ್ ಇದೆ. ಅವನು ಅದರ ಬಗ್ಗೆ ಯೋಚನೆಯೇ ಮಾಡಿರಲಿಲ್ಲ. ನಾನು ಕೇಳಿದ ಮೊದಲ ಪ್ರಶ್ನೆಯೇ ಅದು.

ಆಫೀಸಿನ ಗ್ರೂಪ್ ಪಾಲಿಸಿಗಳಲ್ಲಿ ಮದುವೆಯಾದ ಇಷ್ಟು ದಿನದೊಳಗೆ ಸಂಗಾತಿಯ ಹೆಸರು ಸೇರಿಸಬೇಕು ಎಂಬ ಗಡುವು ಇರುತ್ತದೆ. ಹೆಚ್ಚಿನ ಕಡೆ ಅದು 30 ದಿನ. ಈ ಗಡುವು ತಪ್ಪಿದರೆ ಸಾಮಾನ್ಯವಾಗಿ ಕಂಪನಿಯ ಮುಂದಿನ ರಿನೀವಲ್‌ವರೆಗೆ ಕಾಯಬೇಕು. ಎಚ್‌ಆರ್ ಪೋರ್ಟಲ್‌ನಲ್ಲಿ ಹೆಸರು, ಹುಟ್ಟಿದ ದಿನ, ಮದುವೆ ದಿನ ತುಂಬಿದರೆ ಮುಗಿಯಿತು. ಐದು ನಿಮಿಷದ ಕೆಲಸ. ಆದರೆ ಹನಿಮೂನು, ಮನೆ ಬದಲಾವಣೆ, ಆಷಾಢ ಅಂತ ಓಡಾಡುವಷ್ಟರಲ್ಲಿ ಆ 30 ದಿನ ಹೋಗಿಯೇ ಬಿಡುತ್ತದೆ. ತಮ್ಮ 28ನೇ ದಿನ ಮಾಡಿದ.

ಗ್ರೂಪ್ ಪಾಲಿಸಿಯ ದೊಡ್ಡ ಲಾಭ ಏನೆಂದರೆ, ಹಲವು ಕಂಪನಿಗಳು ಇದರಲ್ಲಿ ವೇಟಿಂಗ್ ಪೀರಿಯಡ್‌ಗಳನ್ನೇ ತೆಗೆಸಿರುತ್ತವೆ. ಹೆರಿಗೆ ಖರ್ಚನ್ನೂ ಒಂದು ಮಿತಿಯವರೆಗೆ ಮೊದಲ ದಿನದಿಂದಲೇ ಕೊಡುವುದುಂಟು. ನಿಮ್ಮಲ್ಲಿ ಹೇಗಿದೆ ಅಂತ ಎಚ್‌ಆರ್ ಹತ್ತಿರ ಕೇಳಿ ತಿಳಿದುಕೊಳ್ಳಿ. ಇಬ್ಬರೂ ಕೆಲಸದಲ್ಲಿದ್ದರೆ ಎರಡೂ ಆಫೀಸುಗಳಲ್ಲಿ ಪರಸ್ಪರರ ಹೆಸರು ಸೇರಿಸಿ.

ಹಾಗಂತ ಇದೊಂದೇ ಸಾಕು ಅಂತ ಕೂರಬೇಡಿ. ಕೆಲಸ ಬಿಟ್ಟ ದಿನ ಗ್ರೂಪ್ ಪಾಲಿಸಿಯೂ ಹೋಗುತ್ತದೆ. ಸ್ವಂತ ಪಾಲಿಸಿಯಲ್ಲಿ ಆಗ ಎಣಿಕೆ ಶುರು ಮಾಡಿದರೆ, ಅಷ್ಟು ವರ್ಷ ಸುಮ್ನೆ ಕಳೆದ ಹಾಗೆ.

ನಿಮ್ಮ ಪಾಲಿಸಿ ನಡುವೆ ಸೇರಿಸಲು ಬಿಡುತ್ತದೆಯೇ ನೋಡಿ

ತಮ್ಮನ ಸ್ವಂತ ಪಾಲಿಸಿ 2021ರ ಸೆಪ್ಟೆಂಬರ್ 10ರಂದು ಶುರುವಾಗಿದ್ದು, 5 ಲಕ್ಷದ್ದು. ಪ್ರತಿ ವರ್ಷ ಸೆಪ್ಟೆಂಬರ್ 10ಕ್ಕೆ ರಿನೀವಲ್. ಮದುವೆ ಆದದ್ದು ಏಪ್ರಿಲ್ ಕೊನೆಗೆ. ಅಂದರೆ ರಿನೀವಲ್‌ಗೆ ಇನ್ನೂ ನಾಲ್ಕು ತಿಂಗಳ ಮೇಲೆ ಇತ್ತು.

ಇಲ್ಲಿ ಎರಡು ದಾರಿ. ರಿನೀವಲ್‌ವರೆಗೆ ಕಾದು ಆಗ ಸೇರಿಸಬಹುದು. ಇಲ್ಲ, ಪಾಲಿಸಿ ವರ್ಷದ ನಡುವೆಯೇ ಸೇರಿಸಬಹುದು. ರಿನೀವಲ್ ಹೊತ್ತಿಗೆ ಸೇರಿಸಲು ಸಾಮಾನ್ಯವಾಗಿ ಎಲ್ಲ ಫ್ಯಾಮಿಲಿ ಪಾಲಿಸಿಗಳೂ ಬಿಡುತ್ತವೆ. ನಡುವೆ ಸೇರಿಸುವುದನ್ನು ಕೆಲವು ಪಾಲಿಸಿಗಳು ಮಾತ್ರ ಬಿಡುತ್ತವೆ. ಅದೂ ಹೊಸದಾಗಿ ಮದುವೆಯಾದ ಸಂಗಾತಿ ಮತ್ತು ಹುಟ್ಟಿದ ಮಗುವಿಗೆ ಮಾತ್ರ, ಮದುವೆಯಾದ 30, 45 ಅಥವಾ 60 ದಿನದೊಳಗೆ ಎಂಬ ಷರತ್ತಿನ ಮೇಲೆ.

ನಿಮ್ಮದರಲ್ಲಿ ಏನಿದೆ ಎಂದು ತಿಳಿಯಲು ಏಜೆಂಟರನ್ನು ಕೇಳುವ ಮೊದಲು ನಿಯಮಗಳೆಲ್ಲ ಇರುವ ಪಾಲಿಸಿ ವರ್ಡಿಂಗ್ ಪಿಡಿಎಫ್ ತೆರೆಯಿರಿ. ಹುಡುಕುವ ಜಾಗದಲ್ಲಿ `Mid-term` ಅಂತ ಟೈಪ್ ಮಾಡಿ. ಸಿಗದಿದ್ದರೆ `newly wed`, `spouse`, `addition` ಅಂತ ಒಂದೊಂದಾಗಿ ಹಾಕಿ ನೋಡಿ. ತಮ್ಮನ ಪಾಲಿಸಿಯಲ್ಲಿ 60 ದಿನ ಅಂತ ಇತ್ತು. ಏಪ್ರಿಲ್ 30ರಿಂದ ಎಣಿಸಿದರೆ ಜೂನ್ 29ರ ತನಕ ಅವಕಾಶ.

ಇನ್ನೊಂದು ವಿಷಯವನ್ನೂ ಇಲ್ಲೇ ನೋಡಿಕೊಳ್ಳಬೇಕು. ಒಬ್ಬರ ಹೆಸರಲ್ಲಿರುವ ಪಾಲಿಸಿ ಇಬ್ಬರಿಗಾದಾಗ ಫ್ಲೋಟರ್ ಆಗುತ್ತದೆಯೇ, ಇಲ್ಲ ಇಬ್ಬರಿಗೂ ಬೇರೆ ಬೇರೆ ಮೊತ್ತ ಸಿಗುತ್ತದೆಯೇ? ಫ್ಲೋಟರ್ ಆದರೆ 5 ಲಕ್ಷವನ್ನು ಇಬ್ಬರೂ ಹಂಚಿಕೊಳ್ಳಬೇಕು. ಒಬ್ಬರ ಆಪರೇಶನ್‌ಗೆ 4 ಲಕ್ಷ ಹೋದರೆ ಆ ವರ್ಷ ಉಳಿಯುವುದು ಒಂದೇ ಲಕ್ಷ. ಗಂಡನಿಗೆ ಇಷ್ಟು ವರ್ಷ ಕ್ಲೇಮ್ ಮಾಡದ್ದಕ್ಕೆ ಸೇರಿದ ಬೋನಸ್ ಏನಾಗುತ್ತದೆ ಎನ್ನುವುದು ಒಂದೊಂದು ಪಾಲಿಸಿಯಲ್ಲಿ ಒಂದೊಂದು ಥರ. ಅದನ್ನು ಮೇಲ್ ಮಾಡಿ ಕೇಳಿ, ಉತ್ತರ ಬರಹದಲ್ಲೇ ತರಿಸಿಕೊಳ್ಳಿ.

ಏಜೆಂಟ್ ಹೇಳಿದ ಸುಲಭದ ದಾರಿ

ತಮ್ಮನ ಏಜೆಂಟ್ ಫೋನಿನಲ್ಲಿ ಹೇಳಿದ್ದು ಬೇರೆಯೇ. "ಸಾರ್, ಹಳೇದನ್ನ ಬಿಟ್ಬಿಡಿ. ಇಬ್ಬರಿಗೂ ಸೇರಿಸಿ ಹೊಸ ಫ್ಲೋಟರ್ ಮಾಡ್ಕೊಡ್ತೀನಿ, ಪ್ರೀಮಿಯಂ ಕೂಡ ಕಡಿಮೆ."

ಕೇಳಲು ಚೆನ್ನಾಗಿದೆ. ಆದರೆ ಹೊಸ ಪಾಲಿಸಿ ಅಂದರೆ ಗಂಡನಿಗೂ ಮೊದಲ ದಿನದಿಂದ ವೇಟಿಂಗ್. ಅವನು ಕಾದು ಮುಗಿಸಿದ ಅವಧಿಯೆಲ್ಲ ನೀರಿನಲ್ಲಿ ಹೋಮ. ಹೊಸ ಪಾಲಿಸಿ ನಿಜಕ್ಕೂ ಒಳ್ಳೆಯದಿದ್ದರೆ ಅದಕ್ಕೆ ಸರಿಯಾದ ದಾರಿ ಇದೆ. ಅದೇ ಕಂಪನಿಯ ಬೇರೆ ಪಾಲಿಸಿಗೆ ಹೋಗುವುದಾದರೆ ಮೈಗ್ರೇಶನ್, ಬೇರೆ ಕಂಪನಿಗೆ ಹೋಗುವುದಾದರೆ ಪೋರ್ಟಿಂಗ್. ಈ ಎರಡರಲ್ಲೂ ಕಾದ ಅವಧಿ ಹಳೆಯ ಮೊತ್ತದಷ್ಟಕ್ಕೆ ಜೊತೆಗೇ ಬರುತ್ತದೆ. ಅರ್ಜಿಯಲ್ಲಿ ಈ ಪದಗಳು ಇಲ್ಲದೆ ಬರೀ ಹೊಸ ಪ್ರಪೋಸಲ್ ಅಂತ ಇದ್ದರೆ ಸಹಿ ಹಾಕಬೇಡಿ.

ಆಕೆಗೆ ಮೊದಲೇ ಪಾಲಿಸಿ ಇತ್ತೇ?

ಇದನ್ನು ಕೇಳದೆ ಮುಂದೆ ಹೋಗಲೇಬೇಡಿ. ಎಷ್ಟೋ ಹುಡುಗಿಯರು ತವರಿನಲ್ಲಿ ಅಪ್ಪನ ಫ್ಲೋಟರ್‌ನಲ್ಲಿ ಐದಾರು ವರ್ಷದಿಂದ ಇರುತ್ತಾರೆ. ಮದುವೆಯಾದ ಮೇಲೆ ಅಪ್ಪ ರಿನೀವಲ್ ಮಾಡುವಾಗ ಮಗಳ ಹೆಸರು ತೆಗೆಸುತ್ತಾರೆ. ಇತ್ತ ಗಂಡ ಹೊಸದಾಗಿ ಸೇರಿಸುತ್ತಾನೆ. ಎರಡರ ಮಧ್ಯೆ ಆಕೆ ಕಾದ ವರ್ಷಗಳೆಲ್ಲ ಕಳೆದುಹೋಗುತ್ತವೆ.

ಅಂಥ ಪಾಲಿಸಿ ಇದ್ದರೆ ಮಾವನವರ ಹತ್ತಿರ ಹಿಂದಿನ ವರ್ಷಗಳ ಪಾಲಿಸಿ ಪ್ರತಿಗಳನ್ನು ಇಸಿದುಕೊಳ್ಳಿ. ಎರಡೂ ಒಂದೇ ಕಂಪನಿಯವಾದರೆ ಮೈಗ್ರೇಶನ್ ಕೇಳಿ. ಬೇರೆ ಕಂಪನಿಯದಾದರೆ ಅವರ ರಿನೀವಲ್ ಹೊತ್ತಿಗೆ ಪೋರ್ಟ್ ಮಾಡಬೇಕು. ಇದಕ್ಕೆ 45 ದಿನ ಮೊದಲೇ ಅರ್ಜಿ ಹಾಕುವುದು ವಾಡಿಕೆ. ಅಲ್ಲಿಯವರೆಗೆ ಅಪ್ಪನ ಪಾಲಿಸಿಯಿಂದ ಆಕೆಯ ಹೆಸರು ತೆಗೆಸಬೇಡಿ. ತಮ್ಮನ ಹೆಂಡತಿಗೆ ಹಿಂದೆ ಯಾವ ಪಾಲಿಸಿಯೂ ಇರಲಿಲ್ಲ. ಹಾಗಾಗಿ ನಮಗೆ ಈ ಕೆಲಸ ಬರಲಿಲ್ಲ.

ಕಾಗದ ಪತ್ರ ಮತ್ತು ಇನಿಷಿಯಲ್ ತಲೆನೋವು

ಕೇಳಿದ್ದು ನಾಲ್ಕು: ಸೇರ್ಪಡೆ ಅರ್ಜಿ, ಆಕೆಯ ಆಧಾರ್, ಹುಟ್ಟಿದ ದಿನದ ದಾಖಲೆ, ಮದುವೆಯ ದಾಖಲೆ. ಹುಟ್ಟಿದ ದಿನಕ್ಕೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಕೊಟ್ಟೆವು. ಮದುವೆಗೆ ಕೆಲವು ಕಂಪನಿಗಳು ಲಗ್ನಪತ್ರಿಕೆ ಮತ್ತು ಫೋಟೋ ಒಪ್ಪುತ್ತವೆ. ಕೆಲವು ಸಬ್ ರಿಜಿಸ್ಟ್ರಾರ್ ಕೊಟ್ಟ ಪ್ರಮಾಣಪತ್ರವೇ ಬೇಕು ಎನ್ನುತ್ತವೆ. ನೋಂದಣಿಗೆ ಕಾವೇರಿ ಪೋರ್ಟಲ್ `kaveri.karnataka.gov.in` ಇದೆ. ಗಡುವು 30 ದಿನವಷ್ಟೇ ಇದ್ದರೆ ಮದುವೆಯಾದ ವಾರದಲ್ಲೇ ನೋಂದಣಿಗೆ ಕೈ ಹಾಕಿ.

ನಮ್ಮ ಕಡೆಯವರಿಗೆ ಒಂದು ವಿಶೇಷ ತೊಂದರೆ ಇದೆ. ನಮಗೆ ಸರ್‌ನೇಮ್ ಇರುವುದಿಲ್ಲ, ಇನಿಷಿಯಲ್ ಇರುತ್ತದೆ. ಆಧಾರ್‌ನಲ್ಲಿ ಇನಿಷಿಯಲ್ ಮುಂದೆ, ಅಂಕಪಟ್ಟಿಯಲ್ಲಿ ಹಿಂದೆ, ಮದುವೆ ಪ್ರಮಾಣಪತ್ರದಲ್ಲಿ ಅಪ್ಪನ ಪೂರ್ತಿ ಹೆಸರು. ಇದರ ಜೊತೆಗೆ ಕೆಲವರು ಗಂಡನ ಹೆಸರನ್ನೂ ಸೇರಿಸಿ ಅರ್ಜಿ ತುಂಬುತ್ತಾರೆ. ನಾಳೆ ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರ್‌ನಲ್ಲಿ ಪಾಲಿಸಿಯ ಹೆಸರು ಗುರುತಿನ ಚೀಟಿಯ ಹೆಸರಿಗೆ ಹೊಂದದಿದ್ದರೆ ಕ್ಯಾಶ್‌ಲೆಸ್ ಅಲ್ಲೇ ನಿಂತುಬಿಡುತ್ತದೆ. ಆದ್ದರಿಂದ ಇವತ್ತು ಆಧಾರ್‌ನಲ್ಲಿ ಹೇಗಿದೆಯೋ, ಅಕ್ಷರ ಅಕ್ಷರ ಹಾಗೆಯೇ ಬರೆಯಿರಿ. ಹೆಸರು ಬದಲಾಯಿಸುವ ಆಸೆ ಇದ್ದರೆ ಆಮೇಲೆ ಆಧಾರ್ ಮತ್ತು ಪಾಲಿಸಿ ಎರಡನ್ನೂ ಒಟ್ಟಿಗೆ ಬದಲಾಯಿಸಿ.

ಆರೋಗ್ಯದ ಪ್ರಶ್ನೆಗಳನ್ನು ಆಕೆಯೇ ತುಂಬಲಿ

ಅರ್ಜಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ಕೆಡುವುದು ಇಲ್ಲೇ. ಗಂಡ ತಾನೇ ಕೂತು ಎಲ್ಲದಕ್ಕೂ "ಇಲ್ಲ" ಅಂತ ಟಿಕ್ ಹಾಕಿಬಿಡುತ್ತಾನೆ. ಮದುವೆಯಾಗಿ ಎರಡು ವಾರ, ಅವನಿಗಾದರೂ ಏನು ಗೊತ್ತಿರುತ್ತದೆ? ಹಾಲ್‌ನಲ್ಲಿ ಅತ್ತೆ ಮಾವನ ಎದುರಿಗೆ ಕೇಳಿದರೆ ಆಕೆಯೂ ಹೇಳಲು ಹಿಂಜರಿಯುತ್ತಾಳೆ. ಪಿಸಿಒಡಿ ಇದೆ, ಥೈರಾಯ್ಡ್ ಮಾತ್ರೆ ತಗೋತೀನಿ ಅಂತ ಹೊಸ ಮನೆಯಲ್ಲಿ ಯಾರು ತಾನೇ ಹೇಳಿಕೊಳ್ಳುತ್ತಾರೆ? ನಾನು ಲ್ಯಾಪ್‌ಟಾಪನ್ನು ಆಕೆಯ ಕೈಗೆ ಕೊಟ್ಟು, ರೂಮಿನಲ್ಲಿ ಕೂತು ನಿಧಾನವಾಗಿ ತುಂಬಲು ಹೇಳಿದೆ. ಆಮೇಲೆ ಬಂದು ಮೆಲ್ಲಗೆ ಹೇಳಿದಳು: "ಅಕ್ಕಾ, 2023ರಿಂದ ಥೈರಾಯ್ಡ್ ಮಾತ್ರೆ ನಡೀತಿದೆ, ಬರೀಲಾ?"

ಬರೆಯಲೇಬೇಕು. ಪಾಲಿಸಿಗೆ ಸೇರುವ ಮೊದಲಿನ 36 ತಿಂಗಳೊಳಗೆ ಡಾಕ್ಟರ್ ಗುರುತಿಸಿದ, ಅಥವಾ ಚಿಕಿತ್ಸೆ ಕೊಟ್ಟ, ಇಲ್ಲವೇ ಚಿಕಿತ್ಸೆ ಬೇಕು ಎಂದು ಹೇಳಿದ ಕಾಯಿಲೆ ಮೊದಲೇ ಇದ್ದ ಕಾಯಿಲೆ ಎನಿಸಿಕೊಳ್ಳುತ್ತದೆ. ಬರೆದರೆ ಆಗುವುದು ಇಷ್ಟೇ: ಆ ಕಾಯಿಲೆಗೆ, ಅದರಿಂದ ನೇರವಾಗಿ ಬರುವ ತೊಂದರೆಗೆ, ಗರಿಷ್ಠ 36 ತಿಂಗಳು ಕ್ಲೇಮ್ ಇಲ್ಲ. ಥೈರಾಯ್ಡ್ ಇದೆ ಎಂದು ಬರೆದವರಿಗೆ ಟೈಫಾಯ್ಡ್ ಕ್ಲೇಮ್ ಸಿಗುವುದಿಲ್ಲ ಅನ್ನುವುದು ತಪ್ಪು ತಿಳುವಳಿಕೆ. ಬರೆಯದೆ ಮುಚ್ಚಿಟ್ಟರೆ ಮಾತ್ರ ಆ ಟೈಫಾಯ್ಡ್ ಕ್ಲೇಮ್ ಹೊತ್ತಿಗೂ ಕಂಪನಿ ಹಳೆಯ ಮಾತ್ರೆ ಚೀಟಿ ಹಿಡಿದು ಪ್ರಶ್ನೆ ಎತ್ತಬಹುದು, ಪಾಲಿಸಿಯನ್ನೇ ರದ್ದು ಮಾಡಲು ನೋಡಬಹುದು.

ಉತ್ತರ ನೋಡಿ ಕಂಪನಿ ಆಕೆಯನ್ನು ಹಾಗೆಯೇ ಒಪ್ಪಬಹುದು, ಸ್ವಲ್ಪ ಜಾಸ್ತಿ ಪ್ರೀಮಿಯಂ ಕೇಳಬಹುದು, ಬೇಡ ಎನ್ನಲೂಬಹುದು. ಸೇರ್ಪಡೆ ಅನ್ನುವುದು ತಾನಾಗಿ ಸಿಗುವ ಹಕ್ಕಲ್ಲ. ನಮಗೆ ಟಿಎಸ್‌ಎಚ್ ಅನ್ನುವ ಥೈರಾಯ್ಡ್ ರಕ್ತಪರೀಕ್ಷೆಯ ರಿಪೋರ್ಟ್ ಕೇಳಿದರು, ಫೋನಿನಲ್ಲಿ ಒಬ್ಬ ಡಾಕ್ಟರ್ ಮಾತನಾಡಿದರು, ಜಾಸ್ತಿ ಪ್ರೀಮಿಯಂ ಇಲ್ಲದೆ ಒಪ್ಪಿದರು.

100 ದಿನದ ಬೆಲೆ ಎಷ್ಟು?

ನಾವು ಅರ್ಜಿ ಹಾಕಿದ್ದು ಮೇ 12ಕ್ಕೆ. ಹೊಸ ರಕ್ತಪರೀಕ್ಷೆ ಮಾಡಿಸಲು ತಮ್ಮ ತಡ ಮಾಡಿದ. ಕಂಪನಿ ಒಪ್ಪಿ, ಹಣ ಕಟ್ಟುವ ಲಿಂಕ್ ಕಳಿಸಿ, ನಾವು ಕಟ್ಟಿದ್ದು ಜೂನ್ 2ಕ್ಕೆ. ಹೆಸರು ಸೇರಿದೆ ಎಂದು ಕಂಪನಿ ಕೊಡುವ ಪತ್ರ, ಅಂದರೆ ಎಂಡಾರ್ಸ್‌ಮೆಂಟ್ ಕೈಗೆ ಬಂದಿದ್ದು ಜೂನ್ 6ಕ್ಕೆ, ಆದರೆ ಅದರಲ್ಲಿ ಜಾರಿ ದಿನ ಜೂನ್ 2 ಅಂತಲೇ ಇತ್ತು. ನೋಡಿ, ಎಣಿಕೆ ಮದುವೆ ದಿನದಿಂದಲೂ ಶುರುವಾಗಲಿಲ್ಲ, ಅರ್ಜಿ ದಿನದಿಂದಲೂ ಶುರುವಾಗಲಿಲ್ಲ. ಕಂಪನಿ ಒಪ್ಪಿ, ದುಡ್ಡು ಸೇರಿ, ಎಂಡಾರ್ಸ್‌ಮೆಂಟ್‌ನಲ್ಲಿ ಬರೆದ ದಿನದಿಂದ ಶುರುವಾಯಿತು. ಅರ್ಜಿಗೂ ಅದಕ್ಕೂ ನಡುವೆ 21 ದಿನ ಹೋಯಿತು. ರಿಪೋರ್ಟ್ ಮೊದಲೇ ಮಾಡಿಸಿಟ್ಟಿದ್ದರೆ ಅಷ್ಟೂ ಉಳಿಯುತ್ತಿತ್ತು.

ಈಗ ದುಡ್ಡಿನ ಲೆಕ್ಕ. ತಮ್ಮ ಒಬ್ಬನಿಗೆ ವರ್ಷದ ಪ್ರೀಮಿಯಂ ₹8,000 ಇತ್ತು. ಇಬ್ಬರಿಗೆ ಫ್ಲೋಟರ್ ಆದಾಗ ₹12,500. ವ್ಯತ್ಯಾಸ ₹4,500. ಇದನ್ನು ಪೂರ್ತಿ ವರ್ಷಕ್ಕೆ ಕಟ್ಟಬೇಕಿಲ್ಲ, ಉಳಿದ ದಿನಗಳಿಗೆ ಮಾತ್ರ. ಜೂನ್ 2ರಿಂದ ಸೆಪ್ಟೆಂಬರ್ 9ರ ತನಕ ಎಣಿಸಿದರೆ ಸರಿಯಾಗಿ 100 ದಿನ.

```
4,500 × 100 ÷ 365 = 1,233
1,233 × 18% = 222
1,233 + 222 = 1,455
```

ಆಗ 18% ಜಿಎಸ್‌ಟಿ ಇತ್ತು. ಮನೆಯವರು ಸ್ವಂತವಾಗಿ ಮಾಡಿಸುವ ಹೆಲ್ತ್ ಪಾಲಿಸಿಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಇಲ್ಲ, ಫ್ಲೋಟರ್‌ಗೂ ಇಲ್ಲ. ತಮ್ಮನ ರಿನೀವಲ್ ಸೆಪ್ಟೆಂಬರ್ 10ಕ್ಕೆ ಬಂದು, ಹನ್ನೆರಡೇ ದಿನದ ಅಂತರದಲ್ಲಿ ಪೂರ್ತಿ ತೆರಿಗೆ ಕಟ್ಟಿ ಹೊಟ್ಟೆ ಉರಿಸಿಕೊಂಡ. ಈಗ ಸೇರಿಸುವವರು ಎರಡನೇ ಸಾಲನ್ನು ಬಿಟ್ಟುಬಿಡಿ.

ಒಟ್ಟಿನಲ್ಲಿ ₹1,455ಕ್ಕೆ ಆಕೆಯ ಎಲ್ಲ ವೇಟಿಂಗ್ ಪೀರಿಯಡ್‌ಗಳೂ 100 ದಿನ ಮೊದಲೇ ಮುಗಿಯುವ ಹಾಗಾಯಿತು. ಜೊತೆಗೆ ಆ 100 ದಿನಗಳ ರಕ್ಷಣೆಯೂ ಸಿಕ್ಕಿತು. ನನ್ನ ಮಟ್ಟಿಗೆ ಇದು ಯೋಚಿಸಬೇಕಾದ ವಿಷಯವೇ ಅಲ್ಲ. ರಿನೀವಲ್‌ಗೆ ಎರಡು ಮೂರು ವಾರ ಮಾತ್ರ ಉಳಿದಿದ್ದರೆ ಕಾಯಬಹುದು, ಅರ್ಜಿಯ ಓಡಾಟದಲ್ಲೇ ಅಷ್ಟು ದಿನ ಹೋಗುತ್ತದೆ.

ಯಾವುದಕ್ಕೆ ಎಲ್ಲಿಯವರೆಗೆ ಕಾಯಬೇಕು

ಮೊದಲ 30 ದಿನದ ವೇಟಿಂಗ್‌ನಿಂದ ಶುರು ಮಾಡೋಣ. ಇದರಲ್ಲಿ ಅಪಘಾತ ಬಿಟ್ಟು ಬೇರೆ ಯಾವ ಕಾಯಿಲೆಗೂ ಕ್ಲೇಮ್ ಇಲ್ಲ. ಆಕೆಗೆ ಇದು ಜೂನ್ 2ರಿಂದ ಜುಲೈ 1ರ ತನಕ. ಬೆಂಗಳೂರಿನಲ್ಲಿ ಅದೇ ಮಳೆ, ಡೆಂಗ್ಯೂ ಕಾಲ. ಜೂನ್ 25ಕ್ಕೆ ಡೆಂಗ್ಯೂ ಅಂತ ಆಸ್ಪತ್ರೆ ಸೇರಿದ್ದರೆ ಈ ಪಾಲಿಸಿಯಿಂದ ಒಂದು ರೂಪಾಯಿಯೂ ಬರುತ್ತಿರಲಿಲ್ಲ. ಜುಲೈ 5ಕ್ಕೆ ಬಂದು ಸೇರಿದ್ದರೆ ಬರುತ್ತಿತ್ತು. ಜೂನ್ 3ಕ್ಕೇ ರಸ್ತೆ ಗುಂಡಿಗೆ ಸ್ಕೂಟರ್ ಬಿದ್ದು ಕೈ ಮುರಿದಿದ್ದರೂ ಬರುತ್ತಿತ್ತು. ಈ ಒಂದು ತಿಂಗಳ ಸಂದಿಯನ್ನು ಆಫೀಸಿನ ಪಾಲಿಸಿ ಮುಚ್ಚುತ್ತದೆ. ಎಚ್‌ಆರ್ ಕೆಲಸ ಮೊದಲು ಮಾಡಿ ಅಂದಿದ್ದು ಇದಕ್ಕೇ.

ಎರಡನೆಯದು, ಪಟ್ಟಿ ಮಾಡಿದ ಕಾಯಿಲೆಗಳದ್ದು. ಹರ್ನಿಯಾ, ಮೂಲವ್ಯಾಧಿ, ಕಣ್ಣಿನ ಪೊರೆ, ಕಿಡ್ನಿ ಕಲ್ಲು, ಪಿತ್ತಕೋಶದ ಕಲ್ಲು, ಸೈನಸ್, ಗರ್ಭಕೋಶದ ಗಡ್ಡೆ ಇಂಥವು. ಹೆಚ್ಚಿನ ಪಾಲಿಸಿಗಳಲ್ಲಿ ಇದು 24 ತಿಂಗಳು. ಇವು ಮೊದಲೇ ಇರಬೇಕು ಅಂತೇನೂ ಇಲ್ಲ. ಸೇರಿದ ಮೇಲೆ ಹೊಸದಾಗಿ ಬಂದರೂ ಕಾಯಲೇಬೇಕು. ಎಷ್ಟೋ ಜನ ಜಗಳಕ್ಕೆ ನಿಲ್ಲುವುದು ಈ ಜಾಗದಲ್ಲಿ. "ನಮಗೆ ಮೊದಲು ಇರಲೇ ಇಲ್ಲ" ಅನ್ನುವ ವಾದ ಇಲ್ಲಿ ನಡೆಯುವುದಿಲ್ಲ. ಆಕೆಗೆ ಇದು 2027ರ ಜೂನ್ 1ಕ್ಕೆ ಮುಗಿಯುತ್ತದೆ.

ಮೂರನೆಯದು ಮೊದಲೇ ಇದ್ದ ಕಾಯಿಲೆಯದ್ದು, ಅಂದರೆ ಆಕೆಯ ಥೈರಾಯ್ಡ್. ಮೊದಲು ಇದಕ್ಕೆ 48 ತಿಂಗಳವರೆಗೂ ಕಾಯಿಸಬಹುದಿತ್ತು. 2024ರ ನಿಯಮದಲ್ಲಿ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ಇದನ್ನು 36 ತಿಂಗಳಿಗೆ ಇಳಿಸಿತು. ಕೆಲವು ಪಾಲಿಸಿಗಳಲ್ಲಿ ಇದಕ್ಕಿಂತ ಕಡಿಮೆಯೂ ಇದೆ. ತಮ್ಮನದರಲ್ಲಿ 36, ಹಾಗಾಗಿ ಆಕೆಗೆ 2028ರ ಜೂನ್ 1ರ ತನಕ. ಒಂದೇ ಕಾಯಿಲೆ ಎರಡೂ ಪಟ್ಟಿಯಲ್ಲಿ ಬಂದರೆ, ಯಾವುದು ಉದ್ದವೋ ಅದು ಲೆಕ್ಕ.

ಇದರ ಜೊತೆಗೆ 60 ತಿಂಗಳ ಮಾರಟೋರಿಯಂ ಇದೆ. ಬಿಡದೆ ಅಷ್ಟು ತಿಂಗಳು ಮುಗಿದ ಮೇಲೆ, ಬೇಕೆಂದೇ ಮಾಡಿದ ಮೋಸ ಸಾಬೀತಾದರೆ ಹೊರತು, ಅರ್ಜಿಯಲ್ಲಿ ಹೇಳಲಿಲ್ಲ ಎಂದು ಕಂಪನಿ ಕ್ಲೇಮ್ ತಳ್ಳಿಹಾಕುವಂತಿಲ್ಲ. ಆಕೆಗೆ ಇದೂ ತನ್ನ ಸೇರ್ಪಡೆಯ ದಿನದಿಂದಲೇ.

ಪಾಲಿಸಿ ಪುಸ್ತಕದಲ್ಲಿ `Excl01`, `Excl02`, `Excl03` ಎಂಬ ಗುರುತಿನ ಕೆಳಗೆ ಇವು ಸಿಗುತ್ತವೆ. ಅಲ್ಲಿ "ಮೊದಲ ಪಾಲಿಸಿ ಶುರುವಾದ ದಿನದಿಂದ" ಅನ್ನುವ ಅರ್ಥದ ಮಾತು ಓದಿ ತಮ್ಮ ಕುಣಿದಾಡಿದ: "ನೋಡು ಅಕ್ಕ, 2021 ಅಂತಾಯ್ತಲ್ಲ!" ಮೊದಲ ಪಾಲಿಸಿ ಅಂದರೆ ಆ ಸದಸ್ಯರಿಗೆ ಮೊದಲು ಶುರುವಾದದ್ದು. ವೇಟಿಂಗ್ ಪೀರಿಯಡ್ ಒಬ್ಬೊಬ್ಬರಿಗೂ ಬೇರೆ ಬೇರೆ ಅನ್ವಯ ಎಂದು ಅದೇ ಭಾಗದಲ್ಲೋ, ಸ್ವಲ್ಪ ಕೆಳಗೋ ಬರೆದಿರುತ್ತಾರೆ.

ಮೊತ್ತ ಹೆಚ್ಚಿಸಿದರೂ ಹೀಗೆಯೇ. ಸೆಪ್ಟೆಂಬರ್ ರಿನೀವಲ್‌ನಲ್ಲಿ ತಮ್ಮ 5 ಲಕ್ಷವನ್ನು 10 ಲಕ್ಷ ಮಾಡಿದ. ಹೆಚ್ಚಾದ 5 ಲಕ್ಷಕ್ಕೆ ಇಬ್ಬರಿಗೂ 2025ರ ಸೆಪ್ಟೆಂಬರ್ 10ರಿಂದ ಹೊಸ ವೇಟಿಂಗ್. ಮೊದಲ 5 ಲಕ್ಷಕ್ಕೆ ಆಕೆಯ ಜೂನ್ 2 ಹಾಗೆಯೇ ಉಳಿಯುತ್ತದೆ.

ಹೆರಿಗೆಯ ಲೆಕ್ಕ ಬೇರೆ

ಮದುವೆಯಾದ ತಕ್ಷಣ ಹೆಸರು ಸೇರಿಸಿದರೆ ಹೆರಿಗೆ ಖರ್ಚು ಬರುತ್ತದೆ ಅಂತ ಎಲ್ಲರೂ ನಂಬಿರುತ್ತಾರೆ. ಮೊದಲು ನೋಡಬೇಕಾದ್ದು ನಿಮ್ಮ ಪಾಲಿಸಿಯಲ್ಲಿ ಹೆರಿಗೆ ಇದೆಯೇ ಎಂಬುದನ್ನು. ಸಾಮಾನ್ಯ ಪಾಲಿಸಿಗಳಲ್ಲಿ `Excl18` ಅಡಿಯಲ್ಲಿ ಸಿಸೇರಿಯನ್ ಸೇರಿ ಹೆರಿಗೆ ಖರ್ಚೆಲ್ಲ ಹೊರಗೆ. ಗರ್ಭಪಾತವೂ ಹೊರಗೆ, ಅಪಘಾತದಿಂದ ಆದದ್ದು ಬಿಟ್ಟು. ಗರ್ಭಕೋಶದ ಹೊರಗೆ ಬೆಳೆಯುವ ಗರ್ಭದ ಚಿಕಿತ್ಸೆಗೆ ಮಾತ್ರ ಈ ತಡೆ ಇಲ್ಲ. ಅಂಥ ಪಾಲಿಸಿಯಲ್ಲಿ ಹತ್ತು ವರ್ಷ ಕಾದರೂ ಹೆರಿಗೆಗೆ ದುಡ್ಡು ಬರುವುದಿಲ್ಲ.

ಹೆರಿಗೆ ಸೌಲಭ್ಯ ಇರುವ ಪಾಲಿಸಿಯಾದರೆ ಎರಡು ಪ್ರಶ್ನೆ ಕೇಳಿ. ಎಣಿಕೆ ಹೆಂಡತಿ ಸೇರಿದ ದಿನದಿಂದಲೋ, ಇಲ್ಲ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಪಾಲಿಸಿಯಲ್ಲಿ ಇದ್ದ ಅವಧಿಯೋ? ನೋಡುವುದು ಹೆರಿಗೆಯ ದಿನವನ್ನೋ, ಗರ್ಭ ನಿಂತ ದಿನವನ್ನೋ? 24 ತಿಂಗಳ ವೇಟಿಂಗ್ ಅಂದುಕೊಂಡರೆ, ಹೆರಿಗೆ ದಿನ ನೋಡುವ ಪಾಲಿಸಿಯಲ್ಲಿ 2027ರ ಜೂನ್ 2ರಿಂದ ಆಗುವ ಹೆರಿಗೆಗೆ ಸಿಗುತ್ತದೆ. ಗರ್ಭ ನಿಂತ ದಿನ ನೋಡುವ ಪಾಲಿಸಿಯಲ್ಲಿ ಇದು ಇನ್ನೂ ಒಂಬತ್ತು ತಿಂಗಳು ಮುಂದೆ ಹೋಗುತ್ತದೆ. ಸಿಗುವ ಮೊತ್ತಕ್ಕೂ ಮಿತಿ ಇರುತ್ತದೆ. ಬರೀ ಹೆರಿಗೆಗಾಗಿ ದುಬಾರಿ ಪ್ರೀಮಿಯಂ ಕಟ್ಟುವುದು ಲಾಭವಲ್ಲ ಅನ್ನುವುದು ನನ್ನ ಅಭಿಪ್ರಾಯ. ಆಫೀಸಿನ ಪಾಲಿಸಿಯಲ್ಲಿ ಹೆರಿಗೆ ಇದ್ದರೆ ಅದನ್ನೇ ನೆಚ್ಚಿಕೊಳ್ಳಿ.

ನಡುವೆ ಸೇರಿಸಲು ಬಿಡದಿದ್ದರೆ

ರಿನೀವಲ್‌ಗೆ ಎಂಟು ಹತ್ತು ತಿಂಗಳಿದ್ದು, ಪಾಲಿಸಿ ನಡುವೆ ಸೇರಿಸಲು ಬಿಡದಿದ್ದರೆ ಸುಮ್ನೆ ಕಾಯಬೇಡಿ. ಅದೇ ಕಂಪನಿಯಲ್ಲಿ ಆಕೆಯ ಹೆಸರಿಗೆ ಪ್ರತ್ಯೇಕ ಪಾಲಿಸಿ ಈಗಲೇ ಮಾಡಿಸಿ. ಎಣಿಕೆ ಇವತ್ತೇ ಶುರುವಾಗುತ್ತದೆ. ಮುಂದೆ ಬೇಕೆನಿಸಿದರೆ ರಿನೀವಲ್‌ನಲ್ಲಿ ಮೈಗ್ರೇಶನ್ ಕೇಳಿ ಫ್ಲೋಟರ್‌ಗೆ ತರಬಹುದು. ಆಕೆಗೆ ದೊಡ್ಡ ಕಾಯಿಲೆ ಏನಾದರೂ ಇದ್ದರೆ ಪ್ರತ್ಯೇಕ ಪಾಲಿಸಿಯಾಗಿಯೇ ಬಿಡುವುದು ಮೇಲು. ಆಗ ಇಬ್ಬರ ಮೊತ್ತವೂ ಬೇರೆ ಬೇರೆ ಇರುತ್ತದೆ.

ಎಂಡಾರ್ಸ್‌ಮೆಂಟ್ ಬಂದ ಮೇಲೆ, ಮತ್ತೆ ರಿನೀವಲ್ ಬಂದ ಮೇಲೆ

ದುಡ್ಡು ಕಟ್ಟಿದ ರಸೀದಿ ಸಾಲದು. ಎಂಡಾರ್ಸ್‌ಮೆಂಟ್ ಮತ್ತು ಹೊಸ ಪಾಲಿಸಿ ಶೆಡ್ಯೂಲ್ ಎರಡನ್ನೂ ತರಿಸಿಕೊಳ್ಳಿ. ಅದರಲ್ಲಿ ಹೆಸರು, ಹುಟ್ಟಿದ ದಿನ, ಹೇಳಿಕೊಂಡ ಕಾಯಿಲೆ, ಸೇರ್ಪಡೆಯ ದಿನ ಇಷ್ಟೂ ಸರಿಯಿದೆಯೇ ನೋಡಿ. ಕಾಯಿಲೆಯ ಜಾಗದಲ್ಲಿ "ಇಲ್ಲ" ಅಂತಿದ್ದರೆ ಖುಷಿ ಪಡಬೇಡಿ. ನೀವು ಹೇಳಿದ್ದು ದಾಖಲಾಗಿಲ್ಲ ಅಂತ ಅರ್ಥ, ಕೂಡಲೇ ಮೇಲ್ ಮಾಡಿ ಸರಿಪಡಿಸಿ.

ನಮಗೆ ಏಟು ಬಿದ್ದಿದ್ದು ಸೆಪ್ಟೆಂಬರ್‌ನಲ್ಲಿ. ರಿನೀವಲ್ ಆಗಿ ಬಂದ ಶೆಡ್ಯೂಲ್‌ನಲ್ಲಿ ಆಕೆಯ ಹೆಸರಿನ ಮುಂದೆ `Date of Inception` ಅನ್ನುವಲ್ಲಿ 10/09/2025 ಅಂತಿತ್ತು. ಅಂದರೆ ನಾವು ದುಡ್ಡು ಕೊಟ್ಟು ಗಳಿಸಿದ 100 ದಿನ ಒಂದೇ ಸಾಲಿನಲ್ಲಿ ಮಾಯ. ಯಾರೂ ನೋಡದೆ ಹೋಗಿದ್ದರೆ 2028ರ ಜುಲೈನಲ್ಲಿ ಥೈರಾಯ್ಡ್ ಕ್ಲೇಮ್ ಹಾಕಿದಾಗ "ಇನ್ನೂ 36 ತಿಂಗಳು ಆಗಿಲ್ಲ" ಅಂತ ಉತ್ತರ ಬರುತ್ತಿತ್ತು. ಜೂನ್‌ನ ಎಂಡಾರ್ಸ್‌ಮೆಂಟ್ ಲಗತ್ತಿಸಿ, ಸೇರ್ಪಡೆ ದಿನ 02/06/2025 ಎಂದು ತಿದ್ದಿಕೊಡಿ ಅಂತ ಎರಡೇ ಸಾಲಿನ ಮೇಲ್ ಹಾಕಿದೆ. ಎರಡು ಸಲ ನೆನಪಿಸಿದ ಮೇಲೆ ತಿದ್ದಿದ ಶೆಡ್ಯೂಲ್ ಬಂತು. ಫೋನಿನಲ್ಲಿ "ಸಿಸ್ಟಮ್‌ನಲ್ಲಿ ಸರಿಯಿದೆ ಮೇಡಂ" ಅಂದಿದ್ದಕ್ಕೆ ನಾನು ಒಪ್ಪಲಿಲ್ಲ.

ಕಂಪನಿ ತಿದ್ದಲು ಒಪ್ಪದಿದ್ದರೆ ಮೊದಲು ಅವರ ದೂರು ವಿಭಾಗಕ್ಕೆ ಬರೆಯಿರಿ. `bimabharosa.irdai.gov.in` ನಲ್ಲೂ ದೂರು ದಾಖಲಿಸಬಹುದು. ತಿಂಗಳಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಕಾಣದಿದ್ದರೆ, ವಿಮಾ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಬೆಂಗಳೂರಿನ ಕಚೇರಿ ಜೆ.ಪಿ. ನಗರ ಮೊದಲನೇ ಹಂತದ ಜೀವನ್ ಸೌಧದಲ್ಲಿದೆ, ಇಡೀ ಕರ್ನಾಟಕಕ್ಕೆ ಅದೇ. ಅಲ್ಲಿ ಫೀಸು ಇಲ್ಲ, ವಕೀಲರೂ ಬೇಕಿಲ್ಲ.

ಇನ್ನು ರಿನೀವಲ್ ತಪ್ಪಿಸಬೇಡಿ. ವರ್ಷಕ್ಕೊಮ್ಮೆ ಕಟ್ಟುವವರಿಗೆ 30 ದಿನದ ಗ್ರೇಸ್ ಇದೆ. ಅಷ್ಟರೊಳಗೆ ಕಟ್ಟಿದರೆ ಕಾದ ಅವಧಿ ಉಳಿಯುತ್ತದೆ, ಆದರೆ ಕಟ್ಟದೆ ಬಿಟ್ಟ ದಿನಗಳಲ್ಲಿ ಬಂದ ಕಾಯಿಲೆಗೆ ಕ್ಲೇಮ್ ಇಲ್ಲ. 30 ದಿನ ದಾಟಿದರೆ ಇಬ್ಬರಿಗೂ ಮೊದಲಿನಿಂದ. ಹೆಂಡತಿಗಾಗಿ ಕಟ್ಟಿದ ಪ್ರೀಮಿಯಂ, ಆದಾಯ ತೆರಿಗೆಯಲ್ಲಿ ಹೆಲ್ತ್ ಪ್ರೀಮಿಯಂಗೆ ಸಿಗುವ ವಿನಾಯಿತಿಯ ₹25,000 ಮಿತಿಯೊಳಗೆ ಬರುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ, ಅದೂ ನಗದು ಬಿಟ್ಟು ಬೇರೆ ರೀತಿಯಲ್ಲಿ ಕಟ್ಟಿದ್ದರೆ.

ಜೂನ್ 2ರ ಎಂಡಾರ್ಸ್‌ಮೆಂಟ್‌ನ ಪ್ರಿಂಟ್ ತೆಗೆದು, ಮದುವೆ ಪ್ರಮಾಣಪತ್ರದ ಜೊತೆ ಒಂದೇ ಫೈಲಿನಲ್ಲಿ ಇಟ್ಟಿದ್ದೇವೆ. ಮೇಲೆ ಪೆನ್ನಿನಲ್ಲಿ ಮೂರು ತಾರೀಖು ಬರೆದಿದೆ: 2025ರ ಜುಲೈ 2, 2027ರ ಜೂನ್ 2, 2028ರ ಜೂನ್ 2. ಫೈಲು ತಮ್ಮನ ಹತ್ತಿರ ಇಲ್ಲ, ಆಕೆಯ ಬೀರುವಿನಲ್ಲಿದೆ.